ಹತ್ತರ ಪೆಟ್ಟೆ, ಇಪ್ಪತ್ತರ ಪೆಟ್ಟೆ

ಆ ದಿನ ಬೆಳಿಗ್ಗೆ ನೆನೆದ ಹೆಸರುಕಾಳನ್ನು ಮಿಕ್ಸಿಗೆ ಹಾಕಿ, ಶುಂಠಿಯ ಸಿಪ್ಪೆ ಹೆರೆಯುತ್ತ ನಿಂತಿದ್ದೆ. ಮಿಕ್ಸಿ ನಿಂತಾಗಲೆಲ್ಲ ಒಳಗಿನ ಕೋಣೆಯಿಂದ ಅಣ್ಣಯ್ಯ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳುತ್ತಿತ್ತು. ಎಷ್ಟೋ ವರ್ಷಗಳಿಂದ ಅದೇ ಸದ್ದು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅತ್ತಿಗೆ ಬಾಲ್ಕನಿಯಲ್ಲಿ ಕೂತು ಟೊಮೇಟೊ ಚಟ್ನಿಗೆ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಮುರಿದ ತೊಟ್ಟುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದುದನ್ನು ನೋಡಿ, ಅವರ ಮನಸ್ಸು ಇಲ್ಲಿಲ್ಲ ಎಂದು ನನಗೆ ಗೊತ್ತಾಯಿತು.

ಅಣ್ಣಯ್ಯ ನನ್ನ ಒಡಹುಟ್ಟಿದವರಲ್ಲ, ನಮ್ಮವರ ಅಕ್ಕನ ಗಂಡ. ವರಸೆಯಲ್ಲಿ ನನಗೆ ಅಣ್ಣನಾಗಬೇಕು, ಹಾಗಾಗಿ ಮದುವೆಯಾದಾಗಿನಿಂದ ಅಣ್ಣಯ್ಯ ಎಂದೇ ಕರೆಯುತ್ತೇನೆ. ಅವರು ವಿಜಯವಾಡದ ತೆಲುಗಿನವರು. ಗವರ್ನರ್‌ಪೇಟೆಯಲ್ಲಿ ವೈರು, ಸ್ವಿಚ್ಚು, ಹೋಲ್ಡರುಗಳ ಹೋಲ್‌ಸೇಲ್ ಅಂಗಡಿ ಇಟ್ಟವರು. ಭದ್ರಾವತಿಯ ಅತ್ತಿಗೆಯನ್ನು ಮದುವೆಯಾಗಿ ಕನ್ನಡ ಕಲಿತರು. ಕಲಿಸಿದವರು ಅತ್ತಿಗೆ ಒಬ್ಬರೇ ಆದ್ದರಿಂದ ಅದು ಪೂರಾ ಹೆಂಗಸರ ಕನ್ನಡ. ಎಪ್ಪತ್ತರ ಹತ್ತಿರದ ಗಂಡಸು ಅಂಗಡಿಯಲ್ಲಿ ಕೂತು ಫೋನಿನಲ್ಲಿ ನನಗೆ "ಅಯ್ಯೋ ನಮ್ಮವ್ವ, ಏನ್ ಸೆಕೆ ಅಂತೀಯ" ಅನ್ನುವಾಗ ನಗು ತಡೆಯುವುದು ಕಷ್ಟ.

ಇಬ್ಬರೂ ಹಿಂದಿನ ದಿನ ರೈಲಿನಲ್ಲಿ, ವಿಜಯವಾಡದಿಂದ ಅರ್ಧ ದಿನದ ದಾರಿಯ ಪೆಂಡುರ್ತಿಯ ನಮ್ಮ ಮನೆಗೆ ಬಂದಿದ್ದರು. ಬಂದದ್ದು ಎದೆಯ ಸಿಟಿ ಸ್ಕ್ಯಾನಿಗೆ. ವಿಜಯವಾಡದಲ್ಲಿ ಆಸ್ಪತ್ರೆಗಳಿಲ್ಲವೇ ಎಂದರೆ ಬೇಕಾದಷ್ಟಿವೆ. ಆದರೆ ಅಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದನ್ನು ಯಾವುದೋ ಒಬ್ಬ ಆಟೋದವನು ನೋಡಿದರೂ, ಇಳಿಯುವಷ್ಟರಲ್ಲಿ ಗವರ್ನರ್‌ಪೇಟೆಯೆಲ್ಲ ಅಂಗಡಿ ಯಾರ ಕೈಗೆ ಹೋಗುತ್ತದೆಂದು ಮಾತಾಡುತ್ತದೆ ಎಂಬುದು ಅಣ್ಣಯ್ಯನ ವಾದ.

ಈ ಸ್ಕ್ಯಾನಿನ ಮಾತು ಹುಟ್ಟಿದ್ದು ನಮ್ಮವರಿಂದ. ಇಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತರ ಸಂಘದಲ್ಲಿ ಶ್ವಾಸಕೋಶದ ಡಾಕ್ಟರೊಬ್ಬರು ಬಂದು ಮಾತಾಡಿದ್ದರಂತೆ. ಬಹಳ ಕಾಲ ಹೆಚ್ಚು ಸಿಗರೇಟು ಸೇದಿದವರಿಗೆ, ಏನೂ ತೊಂದರೆ ಕಾಣಿಸಿಕೊಳ್ಳುವ ಮೊದಲೇ, ಕಡಿಮೆ ವಿಕಿರಣದ ಸಿಟಿಯಲ್ಲಿ ವರ್ಷಕ್ಕೊಮ್ಮೆ ಎದೆ ನೋಡಿದರೆ, ಕ್ಯಾನ್ಸರ್ ಇದ್ದರೆ ಸಣ್ಣದಿರುವಾಗಲೇ ಸಿಕ್ಕಿಬೀಳುತ್ತದೆ, ಆಗ ಕತ್ತರಿಸಿ ತೆಗೆಯಬಹುದು, ಕೆಮ್ಮು ರಕ್ತ ಶುರುವಾದ ಮೇಲೆ ಬಂದರೆ ಬಹಳ ಸಲ ಹೊತ್ತು ಮೀರಿರುತ್ತದೆ ಎಂದು. ಅದನ್ನು ಕೇಳಿದಾಗಿನಿಂದ ನಮ್ಮವರ ತಲೆಯಲ್ಲಿ ಅಣ್ಣಯ್ಯನೇ ತುಂಬಿದ್ದರು. ಫೋನು ಮಾಡಿದರೆ ಅವರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನಮ್ಮವರು, "ಭಾವ, ನಾನೂ ಮಾಡಿಸ್ತೀನಿ. ನಾನು ಬಿಟ್ಟು ಆರು ವರ್ಷ ಆದ್ರೂ ಲೆಕ್ಕಕ್ಕೆ ಬರ್ತೀನಂತೆ. ದಿನಕ್ಕೊಂದು ಪೆಟ್ಟೆ, ಮೂವತ್ತು ವರ್ಷ," ಎಂದರು.

ತೆಲುಗಿನವರು ಸಿಗರೇಟಿನ ಪ್ಯಾಕಿಗೆ ಪೆಟ್ಟೆ ಅನ್ನುತ್ತಾರೆ. ನಮ್ಮ ಮನೆಯ ಕನ್ನಡದಲ್ಲೂ ಅದೇ ಮಾತು ನಿಂತುಬಿಟ್ಟಿದೆ.

"ನಂದೂ ದಿನಕ್ಕೊಂದೇ ಪೆಟ್ಟೆ," ಅಂದಿದ್ದರು ಅಣ್ಣಯ್ಯ, ಭಾವಮೈದನನ್ನು ಎಂದಿನಂತೆ ತೆಲುಗಿನಲ್ಲೇ ಕರೆಯುತ್ತ. "ನೀನು ಮಲಗಿದ್ರೆ ನಾನೂ ಮಲಗ್ತೀನಿ ಬಾಮ್ಮರ್ದಿ. ನೀನಿಲ್ಲದೆ ನಾನಿಲ್ಲ."

ಅಷ್ಟೇ ಒಪ್ಪಂದ. ಅದನ್ನು ನಂಬಿ ಅತ್ತಿಗೆ ಟಿಕೆಟ್ ಮಾಡಿಸಿದ್ದರು.

ತಿಂಡಿಯ ಹೊತ್ತಿಗೆ ನಾನು ಪೆಸರಟ್ಟು ದೋಸೆ ಹಾಕಲೋ ಬೇಡವೋ ಎಂದು ಅನುಮಾನಿಸಿದೆ. ಸ್ಕ್ಯಾನ್ ಎಂದರೆ ಖಾಲಿ ಹೊಟ್ಟೆ ಎಂದೇ ನನ್ನ ತಿಳಿವಳಿಕೆ. ನಮ್ಮವರು ಆಸ್ಪತ್ರೆಗೆ ಫೋನು ಮಾಡಿ ಕೇಳಿದರು. ಇದಕ್ಕೆ ಉಪವಾಸ ಬೇಡ, ಇಂಜೆಕ್ಷನ್ನೂ ಇಲ್ಲ, ತಿಂದು ಬನ್ನಿ ಅಂದರಂತೆ.

"ಹಾಗಾದ್ರೆ ಇದು ಪರೀಕ್ಷೆನೇ ಅಲ್ಲ," ಅಂದರು ಅಣ್ಣಯ್ಯ, ಮೂರನೆಯ ಪೆಸರಟ್ಟಿಗೆ ತಟ್ಟೆ ಚಾಚುತ್ತ. "ಹೊಟ್ಟೆ ಉರಿಸದೇ ಇರೋ ಡಾಕ್ಟರನ್ನ ಎಲ್ಲಿ ಹುಡುಕಿದೆ?"

"ನಿಮ್ಮ ಹೊಟ್ಟೆ ಉರಿಸೋಕೆ ಡಾಕ್ಟರ್ ಯಾಕೆ, ನಾನಿಲ್ವಾ," ಅಂದರು ಅತ್ತಿಗೆ. ಆದರೆ ಅವರ ತಟ್ಟೆಯಲ್ಲಿ ಅರ್ಧ ಪೆಸರಟ್ಟು ಹಾಗೇ ಇತ್ತು.

ಹೊರಡುವ ಮುಂಚೆ ಅಣ್ಣಯ್ಯ ಮೆಟ್ಟಿಲ ಕಿಟಕಿಯ ಬಳಿ ನಿಂತು ಒಂದು ಸಿಗರೇಟು ಮುಗಿಸಿದರು. ನಮ್ಮವರು ಪಕ್ಕದಲ್ಲಿ ನಿಂತು, ಬಿಟ್ಟವರು ನೋಡುವ ಹಾಗೆ, ಆ ಹೊಗೆಯನ್ನೇ ನೋಡುತ್ತಿದ್ದರು.

ಆಸ್ಪತ್ರೆಯ ಡಾಕ್ಟರು ನಮ್ಮ ಮಗಳ ವಯಸ್ಸಿನ ಹೆಂಗಸು. ಉಗುರುಗಳನ್ನು ಮಗುವಿನ ಉಗುರಿನಂತೆ ಸಣ್ಣಗೆ ಕತ್ತರಿಸಿಕೊಂಡಿದ್ದರು. ತೆಲುಗಿನಲ್ಲಿ ನಿಧಾನವಾಗಿ, ಮುಖ ನೋಡಿ ಮಾತಾಡುತ್ತಿದ್ದರು. ಮೊದಲು ಇಬ್ಬರನ್ನೂ ಒಂದೇ ಪ್ರಶ್ನೆಗಳಲ್ಲಿ ಸೋಸಿದರು. ಹೊಸ ಕೆಮ್ಮು ಶುರುವಾಗಿದೆಯೇ, ಕಫದಲ್ಲಿ ರಕ್ತ ಬಂದಿದೆಯೇ, ತೂಕ ಇಳಿದಿದೆಯೇ? ಇಬ್ಬರೂ ಇಲ್ಲ ಅಂದರು. "ಅವೆಲ್ಲ ಇದ್ದಿದ್ರೆ ಇದು ಬೇರೆ ದಾರಿ," ಅಂದರು ಡಾಕ್ಟರು. "ಆಗ ರೋಗ ಹುಡುಕೋ ಪೂರ್ತಿ ಪರೀಕ್ಷೆ ಮಾಡಬೇಕು. ಈ ಸ್ಕ್ರೀನಿಂಗ್ ಇರೋದು ಏನೂ ಇಲ್ಲ ಅಂತ ಓಡಾಡ್ತಾ ಇರೋರಿಗೆ." ಎರಡು ಮಹಡಿ ಹತ್ತಿದರೆ ಹೇಗೆ, ಹೃದಯದ ತೊಂದರೆ ಇದೆಯೇ ಎಂದೂ ಕೇಳಿದರು. ಏನಾದರೂ ಸಿಕ್ಕರೆ ಆಪರೇಷನ್ ತಡೆದುಕೊಳ್ಳುವ ಶಕ್ತಿ ಇಲ್ಲದವರಿಗೆ ಹುಡುಕಿ ಕೊಟ್ಟು ಏನು ಪ್ರಯೋಜನ ಎಂಬುದು ಅದರ ಹಿಂದಿನ ಮಾತು.

"ದಿನಕ್ಕೆ ಎಷ್ಟು ಸಾರ್?"

"ಒಂದು ಪೆಟ್ಟೆ," ಅಂದರು ನಮ್ಮವರು.

"ನಂದೂ ಒಂದೇ," ಅಂದರು ಅಣ್ಣಯ್ಯ.

"ಪೆಟ್ಟೆಯಲ್ಲಿ ಎಷ್ಟಿರುತ್ತೆ?"

"ಹತ್ತು," ಅಂದರು ನಮ್ಮವರು.

"ಇಪ್ಪತ್ತು," ಅಂದರು ಅಣ್ಣಯ್ಯ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣಯ್ಯ ಜೇಬಿನಿಂದ ಪೆಟ್ಟೆ ತೆಗೆದು ಮೇಜಿನ ಮೇಲಿಟ್ಟರು. ಅಗಲವಾದ, ದೊಡ್ಡ ಪೆಟ್ಟೆ. ನಮ್ಮವರು ಸೇದುತ್ತಿದ್ದುದು ಅಂಗಿಯ ಜೇಬಿನಲ್ಲಿ ಉಬ್ಬು ಕಾಣದಂಥ, ಹತ್ತರ ತೆಳ್ಳನೆಯದು. ಇಷ್ಟು ವರ್ಷ ಈ ಇಬ್ಬರೂ ಹಬ್ಬದಲ್ಲಿ, ಮದುವೆಯಲ್ಲಿ ಒಂದೇ ಜಗುಲಿಯ ಮೂಲೆಯಲ್ಲಿ ನಿಂತು ಸೇದಿದ್ದಾರೆ. ಇಬ್ಬರ ಹೆಂಡಂದಿರೂ ಒಂದೇ ಮಾತಿನಲ್ಲಿ ಸಮಾಧಾನ ಮಾಡಿಕೊಂಡಿದ್ದೇವೆ.

"ನನ್ನ ತಮ್ಮನೂ ಒಂದೇ ಪೆಟ್ಟೆ, ನೀವೂ ಒಂದೇ ಪೆಟ್ಟೆ, ಅವನಿಗೆ ಆಗದೇ ಇರೋದು ನಿಮಗೇನಾಗುತ್ತೆ ಅಂತಿದ್ದೆ," ಅಂದರು ಅತ್ತಿಗೆ ಕನ್ನಡದಲ್ಲಿ, ಬಹಳ ಮೆಲ್ಲಗೆ. "ಎರಡರಷ್ಟು ಅಂತ ಒಂದಿನ ಬಾಯಿ ಬಿಡಲಿಲ್ವಲ್ಲ."

"ನೀನು ಪೆಟ್ಟೆ ಲೆಕ್ಕ ಕೇಳ್ದೆ, ನಾನು ಪೆಟ್ಟೆ ಲೆಕ್ಕ ಹೇಳ್ದೆ. ಬಿಡಿಸಿ ಕೇಳಿದ್ಯಾ?"

ಡಾಕ್ಟರು ಒಂದು ಕಾಗದದ ತುಂಡಿನ ಮೇಲೆ ಲೆಕ್ಕ ತೋರಿಸಿದರು. ಇಪ್ಪತ್ತು ಸಿಗರೇಟನ್ನು ಒಂದು ಪ್ಯಾಕ್ ಎಂದು ಹಿಡಿಯಬೇಕು. ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ವರ್ಷ. ಅಂಥ ಇಪ್ಪತ್ತಾದರೂ ಆಗಿರಬೇಕು. ವಯಸ್ಸು ಐವತ್ತರಿಂದ ಎಂಬತ್ತರೊಳಗೆ ಇರಬೇಕು. ಈಗಲೂ ಸೇದುತ್ತಿರಬೇಕು, ಇಲ್ಲವೇ ಬಿಟ್ಟು ಹದಿನೈದು ವರ್ಷ ದಾಟಿರಬಾರದು. ನಮ್ಮ ದೇಶದಲ್ಲಿ ಇದಕ್ಕಿನ್ನೂ ಸರ್ಕಾರದ ಕಾರ್ಯಕ್ರಮವಿಲ್ಲ, ಅಮೆರಿಕದವರ ಅಳತೆಗೋಲನ್ನೇ ಹಿಡಿದುಕೊಂಡಿದ್ದೇವೆ ಎಂದರು. ಅಣ್ಣಯ್ಯನದು ನಲವತ್ತು ದಾಟಿತು. ನಮ್ಮವರದು ಹದಿನೈದಕ್ಕೆ ನಿಂತಿತು.

"ನಿಮಗೆ ಬೇಡ ಸಾರ್," ಅಂದರು ಡಾಕ್ಟರು ನಮ್ಮವರಿಗೆ.

ನಮ್ಮವರ ಮುಖ ನೋಡಬೇಕಿತ್ತು. ಕಾರ್ಖಾನೆಯಲ್ಲಿದ್ದಾಗ, ಉತ್ತರ ಸರಿಯಿದ್ದು ಯೂನಿಟ್ ತಪ್ಪಿದರೆ ಜೂನಿಯರುಗಳ ಕಾಗದ ಹರಿದೆಸೆಯುತ್ತಿದ್ದರು ಎಂದು ಅವರ ಶಿಷ್ಯರು ಈಗಲೂ ಹೇಳಿಕೊಂಡು ನಗುತ್ತಾರೆ. "ಯೂನಿಟ್ಟೇ ತಪ್ಪಾಯ್ತಲ್ಲ," ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ಡಾಕ್ಟರಿಗೆ, "ಆದರೂ ಇರಲಿ ಮೇಡಂ, ಬಂದಿದ್ದೀನಿ. ಮಾಡಿಬಿಡಿ. ನೋಡಿದ್ರೆ ನಷ್ಟವೇನು?" ಎಂದು ಕೇಳಿದರು.

ಸತ್ಯ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿದ್ದುದೂ ಅದೇ ಪ್ರಶ್ನೆ. ಒಳಗೆ ಇಣುಕಿ ನೋಡಿ ಏನಿಲ್ಲ ಎಂದು ಒಮ್ಮೆ ಹೇಳಿಬಿಟ್ಟರೆ ನಾನು ನೆಮ್ಮದಿಯಾಗಿರುತ್ತಿದ್ದೆ.

"ನಷ್ಟ ಇದೆ ಸಾರ್," ಅಂದರು ಡಾಕ್ಟರು. "ನಮ್ಮ ಕಡೆ ಎಷ್ಟೋ ಜನರ ಎದೆಯಲ್ಲಿ ಯಾವತ್ತೋ ಬಂದು ಹೋದ ಟಿಬಿಯ ಕಲೆ, ಹಳೆ ಸೋಂಕಿನ ಕಲೆ ಇರುತ್ತೆ. ಅವರಿಗೇ ಗೊತ್ತಿರಲ್ಲ. ಸ್ಕ್ಯಾನಿನಲ್ಲಿ ಅದೂ ಬಿಳಿ ಚುಕ್ಕೆ, ಕ್ಯಾನ್ಸರೂ ಬಿಳಿ ಚುಕ್ಕೆ. ಒಂದು ಸಲ ಕಣ್ಣಿಗೆ ಬಿತ್ತು ಅಂದ್ರೆ ಬಿಡೋ ಹಾಗಿಲ್ಲ. ಮತ್ತೆ ಸ್ಕ್ಯಾನು, ಕೆಲವೊಮ್ಮೆ ಎದೆಗೆ ಸೂಜಿ ಹಾಕಿ ತುಣುಕು ತೆಗೆಯೋದು, ಒಂದೊಂದು ಸಲ ಸುಮ್ಮನೆ ಆಪರೇಷನ್. ತುಂಬಾ ಸೇದಿದವರಲ್ಲಿ ಆ ಚುಕ್ಕೆ ಕ್ಯಾನ್ಸರ್ ಆಗಿರೋ ಸಾಧ್ಯತೆ ಹೆಚ್ಚು, ಅದಕ್ಕೆ ಅಷ್ಟೆಲ್ಲ ತೊಂದರೆ ಪಡೋದಕ್ಕೆ ಅರ್ಥ ಇದೆ. ನಿಮ್ಮ ಲೆಕ್ಕದಲ್ಲಿ ಲಾಭ ಕಡಿಮೆ, ಅಲೆದಾಟ ಅಷ್ಟೇ. ನೀವು ಮಾಡಬೇಕಾದ ದೊಡ್ಡ ಕೆಲಸ ಆರು ವರ್ಷದ ಹಿಂದೆ ಮಾಡಿ ಮುಗಿಸಿದ್ದೀರಿ. ಮತ್ತೆ ಹಚ್ಚಬೇಡಿ, ಸಾಕು."

ಅತ್ತಿಗೆ ನನ್ನ ಸೆರಗನ್ನು ಹಿಡಿದುಕೊಂಡದ್ದು ಆಗಲೇ. ನೀನಿಲ್ಲದೆ ನಾನಿಲ್ಲ ಅಂದಿದ್ದ ಒಪ್ಪಂದ ನಮ್ಮ ಕಣ್ಣೆದುರಿಗೇ ಮುರಿದುಬಿದ್ದಿತ್ತು. ಅಣ್ಣಯ್ಯ ಎದ್ದೂಬಿಟ್ಟರು. ಪೆಟ್ಟೆಯನ್ನು ಜೇಬಿಗಿಟ್ಟುಕೊಂಡು, ಡಾಕ್ಟರಿಗೆ ಕೈಮುಗಿದು ಹೊರಗೆ ನಡೆದರು. ನಾವು ಮೂವರೂ ಹಿಂದೆ ಹೋದೆವು. ಹೊರಗಿನ ಬೆಂಚಿನ ಮೇಲೆ ಕೂತವರು ಏಳುವ ಲಕ್ಷಣ ಕಾಣಲಿಲ್ಲ. ಆಸ್ಪತ್ರೆಯ ಫಿನಾಯಿಲ್ ವಾಸನೆಯ ನಡುವೆ ಅವರ ಅಂಗಿಯ ಸಿಗರೇಟಿನ ವಾಸನೆ ಬೇರೆಯಾಗಿ ತಿಳಿಯುತ್ತಿತ್ತು.

ನಮ್ಮವರು ಪಕ್ಕದಲ್ಲಿ ಕೂತು, "ಭಾವ, ಬೇಕಾದ್ರೆ ಬೇರೆ ಕಡೆ ನಾನೂ ಮಾಡಿಸ್ತೀನಿ. ಯಾರಾದ್ರೂ ಮಾಡಿಕೊಡ್ತಾರೆ. ನೀವು ಎದ್ದು ಹೋಗಬೇಡಿ," ಅಂದರು.

ಅಣ್ಣಯ್ಯ ನನ್ನ ಕಡೆ ತಿರುಗಿದರು; ಚೆಲ್ಲೆಮ್ಮ, ಅಂದರೆ ತಂಗಿ, ಎಂದೇ ಅವರು ನನ್ನನ್ನು ಕರೆಯುವುದು. ಆಗ ಹೇಳಿದ ಮಾತು ನಾನು ಮರೆಯುವಂಥದ್ದಲ್ಲ.

"ಗವರ್ನರ್‌ಪೇಟೆಯಲ್ಲಿ ಇಷ್ಟು ವರ್ಷ ಗಲ್ಲಾದಲ್ಲಿ ಕೂತಿದ್ದೀನಿ. ಬಾಗಿಲಿಗೆ ಬಂದು, ಕೊಡು ಕೊಡು ಅನ್ನೋ ಗಿರಾಕಿಗೆ, ನಿನಗಿದು ಬೇಡ, ಮನೆಗೆ ಹೋಗು ಅನ್ನೋ ಅಂಗಡಿ ನಾನು ನೋಡಿಲ್ಲ ಕಣಮ್ಮಾ ಚೆಲ್ಲೆಮ್ಮಾ. ನಾನೂ ಹಾಗೆ ಅಂದಿಲ್ಲ. ಈ ಹುಡುಗಿ ಅವನನ್ನ ವಾಪಸ್ ಕಳಿಸಿದ್ಲು." ಎದ್ದು ನಿಂತು ಪಂಚೆಯ ಅಂಚು ಸರಿಮಾಡಿಕೊಂಡರು. "ಅಂಥವಳು ನನ್ನ ಬಾ ಅಂದ್ರೆ, ಹೋಗಬೇಕಾಗುತ್ತೆ."

ಎಲ್ಲಕ್ಕಿಂತ ದೊಡ್ಡ ತಿರುವು ಅದೇ ಎಂದು ಈಗ ಅನ್ನಿಸುತ್ತದೆ. ನಾವೆಲ್ಲ ತಿಂಗಳುಗಟ್ಟಲೆ ಬೇಡಿದ್ದು ಮಾಡದ ಕೆಲಸವನ್ನು ಆ ಒಂದು 'ಬೇಡ' ಮಾಡಿತ್ತು.

ಸ್ಕ್ಯಾನಿನ ಕೋಣೆಯ ಒಳಗೆ ನಮ್ಮನ್ನು ಬಿಡಲಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ, ದಪ್ಪ ಗಾಜಿನ ಈಚೆ, ಟೆಕ್ನಿಷಿಯನ್ ಹೆಂಗಸಿನ ಹಿಂದೆ ನಿಲ್ಲಲು ಅತ್ತಿಗೆಗೂ ನನಗೂ ಒಪ್ಪಿಗೆ ಸಿಕ್ಕಿತು. ಅಣ್ಣಯ್ಯನ ಸರ, ಉಡಿದಾರ, ಕನ್ನಡಕ ಎಲ್ಲ ಅತ್ತಿಗೆಯ ಕೈಯಲ್ಲಿದ್ದವು. ಆಸ್ಪತ್ರೆಯ ನೀಲಿ ನಿಲುವಂಗಿಯಲ್ಲಿ ಅವರು ನನಗೆ ಗೊತ್ತಿದ್ದ ಅಣ್ಣಯ್ಯನಿಗಿಂತ ಸಣ್ಣವರಾಗಿ ಕಂಡರು. ಅಂಗಾತ ಮಲಗಿ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿದರು. ಎದುರಿಗೆ ಬಿಳಿಯ ದೊಡ್ಡ ಬಳೆ, ಸುರಂಗವಲ್ಲ, ಬಳೆಯೇ. ಆಚೆ ಬದಿಯ ಗೋಡೆ ಕಾಣುತ್ತಿತ್ತು.

"ವಿಕಿರಣ ಜಾಸ್ತಿ ಅಲ್ವಾಮ್ಮ?" ಎಂದು ಅತ್ತಿಗೆ ಕೇಳಿದರು.

"ಮಾಮೂಲಿ ಎದೆ ಸಿಟಿಗೆ ಕೊಡೋದರಲ್ಲಿ ಐದನೇ ಒಂದು ಪಾಲು, ಹೆಚ್ಚುಕಡಿಮೆ ಅಷ್ಟೇ ಆಂಟಿ," ಅಂದಳು ಆಕೆ, ಗಾಜಿನಿಂದ ಕಣ್ಣು ತೆಗೆಯದೆ. "ಮಣ್ಣಿನಿಂದ ಆಕಾಶದಿಂದ ನಮ್ಮೆಲ್ಲರ ಮೇಲೂ ಸುಮ್ಮನೆ ಬೀಳ್ತಾ ಇರುತ್ತಲ್ಲ, ಅದರ ಕೆಲವು ತಿಂಗಳ ಪಾಲು."

"ಅಷ್ಟು ಕಡಿಮೆಯಲ್ಲಿ ಕಾಣುತ್ತಾ?"

"ಶ್ವಾಸಕೋಶದಲ್ಲಿ ಕಾಣುತ್ತೆ. ಅದರೊಳಗೆಲ್ಲ ಗಾಳಿ. ಗಾಳಿ ಕಪ್ಪಗೆ ಬರುತ್ತೆ. ಕಪ್ಪಿನಲ್ಲಿ ಏನೇ ಗಟ್ಟಿ ಇದ್ರೂ ಬೆಳ್ಳಗೆ ಎದ್ದು ಕಾಣುತ್ತೆ."

ಸ್ಪೀಕರಿನಿಂದ ಹೆಣ್ಣು ದನಿಯೊಂದು ತೆಲುಗಿನಲ್ಲಿ ಹೇಳಿತು: ಊಪಿರಿ ಪೀಲ್ಚಂಡಿ, ಬಿಗಪಟ್ಟಂಡಿ. ಉಸಿರೆಳೆದುಕೊಳ್ಳಿ, ಬಿಗಿಹಿಡಿಯಿರಿ. ನೀಲಿ ನಿಲುವಂಗಿ ಉಬ್ಬಿ ನಿಂತಿತು. ಮೇಜು ಬಳೆಯೊಳಗೆ ಸರಿಯಿತು. ನನಗರಿವಿಲ್ಲದೆ ನಾನೂ ಉಸಿರು ಹಿಡಿದಿದ್ದೆ. ನಾನು ಓದಿದ ದಾವಣಗೆರೆಯ ಕಾನ್ವೆಂಟಿನ ಚಾಪೆಲಿನಲ್ಲಿ ಪೂಜೆಯ ನಡುವೆ ಗಂಟೆ ಬಾರಿಸುವ ಆ ಒಂದು ಘಳಿಗೆಗೆ ಸಾಲು ಹುಡುಗಿಯರೆಲ್ಲ ಹೀಗೆಯೇ ಉಸಿರು ಹಿಡಿಯುತ್ತಿದ್ದೆವು, ಯಾರೂ ಹೇಳದಿದ್ದರೂ. ಪಕ್ಕದಲ್ಲಿ ಅತ್ತಿಗೆಯ ಎದೆಯೂ ನಿಂತಿತ್ತು. ಕೈಯಲ್ಲಿದ್ದ ಸರ ಸದ್ದು ಮಾಡಲಿಲ್ಲ.

ವದಲಂಡಿ, ಅಂದಿತು ದನಿ. ಬಿಡಿ. ಮೂವರೂ ಬಿಟ್ಟೆವು.

"ಆಯ್ತು," ಅಂದಳು ಆಕೆ.

"ಏನಾಯ್ತು?"

"ಎಲ್ಲಾ ಆಯ್ತು ಆಂಟಿ. ಕುತ್ತಿಗೆ ಬುಡದಿಂದ ಪಕ್ಕೆಲುಬಿನ ಕೆಳಗಿನ ತನಕ."

ಒಂದೇ ಉಸಿರಿನಲ್ಲಿ, ಅಷ್ಟೂ. ಅವರು ಆಯುಷ್ಯವಿಡೀ ಆ ಎದೆಗೆ ಏನೇನು ಎಳೆದುಕೊಂಡಿದ್ದರೋ ಅದರ ಗುರುತೆಲ್ಲ ಆ ಒಂದು ಉಸಿರಿನ ಹೊತ್ತಿನಲ್ಲಿ ತೆಗೆದಿಟ್ಟಾಗಿತ್ತು. ನನಗೆ ಕೈಮುಗಿಯಬೇಕೆನ್ನಿಸಿತು, ಯಾರಿಗೆ ಎಂದು ಗೊತ್ತಾಗಲಿಲ್ಲ.

ಚಿತ್ರಗಳನ್ನು ಓದುವ ಡಾಕ್ಟರು ಬೇರೆ ಇರುತ್ತಾರಂತೆ. ಅವರು ಓದಿ ಬರೆದು ಕಳಿಸುವ ತನಕ ನಾವು ಕ್ಯಾಂಟೀನಿನಲ್ಲಿ ಕೂತು ಊಟ ಮಾಡಿದ ಹಾಗೆ ಮಾಡಿದೆವು. ಮಧ್ಯಾಹ್ನ ಅದೇ ಡಾಕ್ಟರ ಕೋಣೆಗೆ ಕರೆ ಬಂತು. ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ನಾನು ಬಾಳೆಕಾಯಿಯನ್ನು ಚಿಪ್ಸಿಗೆ ತೆಳ್ಳಗೆ ಹೆರೆಯುತ್ತೇನೆ, ಒಂದರ ಮೂಲಕ ಬೆಳಕು ಕಾಣುವಷ್ಟು. ಆ ಯಂತ್ರ ಅಣ್ಣಯ್ಯನ ಎದೆಯನ್ನು ಹಾಗೆ ಹೆರೆದಿತ್ತು, ಚರ್ಮಕ್ಕೆ ಗೀರೂ ಬೀಳದ ಹಾಗೆ. ಮಾಮೂಲಿ ಎಕ್ಸ್‌ರೇಯಲ್ಲಿ ಎಲುಬು, ಹೃದಯ ಎಲ್ಲ ಒಂದರ ಮೇಲೊಂದು ಬಿದ್ದು ಸಣ್ಣದೆಲ್ಲ ಮರೆಯಾಗುತ್ತದಂತೆ. ಇಲ್ಲಿ ಡಾಕ್ಟರು ಮೌಸಿನ ಗಾಲಿ ತಿರುಗಿಸಿದಂತೆ ಪದರದ ಮೇಲೆ ಪದರ ಸರಿಯುತ್ತಿತ್ತು. ಕಪ್ಪು ಆಕಾಶದಲ್ಲಿ ಬೆಳ್ಳಿಯ ಕೊಂಬೆಗಳು ಮೂಡುತ್ತಿದ್ದವು, ಕವಲೊಡೆಯುತ್ತಿದ್ದವು, ಚುಕ್ಕಿಯಾಗಿ ಕರಗುತ್ತಿದ್ದವು. ಶಾಲೆಯ ರೆಕಾರ್ಡಿನಲ್ಲಿ ಶ್ವಾಸಕೋಶವನ್ನು ಪೆನ್ಸಿಲಿನಿಂದ ಎರಡು ಬದನೆಕಾಯಿಯ ಹಾಗೆ ಬರೆದು ಸಿಸ್ಟರಿಂದ ಒಳ್ಳೆಯ ಅಂಕ ತೆಗೆದುಕೊಂಡವಳು ನಾನು. ಅದರೊಳಗೆ ಒಂದು ಕಾಡಿದೆ, ಪ್ರತಿ ಮನುಷ್ಯನೂ ಅಂಥ ಕಾಡೊಂದನ್ನು ಹೊತ್ತುಕೊಂಡು ಬಸ್ಸು ಹತ್ತುತ್ತಾನೆ, ಅಂಗಡಿಯಲ್ಲಿ ಕೂರುತ್ತಾನೆ ಎಂದು ಆ ದಿನದ ತನಕ ನನಗೆ ತಿಳಿದಿರಲಿಲ್ಲ.

"ಇದು ನಂದಾ?" ಎಂದು ಅಣ್ಣಯ್ಯ ಕೇಳಿದರು. ಕನ್ನಡಕ ಹಾಕಿಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಿದ್ದರು.

"ನಿಮ್ಮದೇ."

ಮೇಲಿನ ಭಾಗದಲ್ಲಿ, ನುಸಿ ತಿಂದ ಉಣ್ಣೆಯ ಹಾಗೆ, ಸಣ್ಣ ಸಣ್ಣ ತೂತುಗಳಿದ್ದವು. ಅದು ಹೊಗೆ ತಿಂದ ಜಾಗ, ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಆಮೇಲೆ ಬಲಗಡೆಯ ಒಂದು ಪದರದಲ್ಲಿ ನಿಂತರು. ಅಲ್ಲಿ, ಕೊಂಬೆಗಳಿಂದ ದೂರ, ಒಂದು ಬಿಳಿಯ ಚುಕ್ಕೆ. ಕೊಂಬೆಯಾಗಿದ್ದರೆ ಮುಂದಿನ ಪದರದಲ್ಲಿ ಉದ್ದವಾಗುತ್ತಿತ್ತು. ಇದು ದುಂಡಗೇ ಉಳಿದು ಇಲ್ಲವಾಗುತ್ತಿತ್ತು. ಅದರ ಅಡ್ಡಕ್ಕೆ ಸಣ್ಣ ಗೆರೆ ಎಳೆದು ಅಳೆದಿದ್ದರು. ಏಳು ಮಿಲಿಮೀಟರ್. ಕಡಲೆಕಾಳಿನಷ್ಟು.

"ಗಡ್ಡೆನಾ?" ಎಂದು ಅತ್ತಿಗೆ ಕೇಳಿದರು.

"ಈಗಲೇ ಆ ಹೆಸರು ಇಡಬೇಡಿ ಅಮ್ಮ. ಇದು ಚುಕ್ಕೆ. ಇಷ್ಟು ಸಣ್ಣ ಚುಕ್ಕೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಹಳೆ ಕಲೆ. ಆದರೆ ಇವರು ಸೇದಿರೋದು ನೋಡಿದ್ರೆ, ಅಲ್ಲವೇ ಅಲ್ಲ ಅಂತಾನೂ ನಾನು ಇವತ್ತು ಹೇಳಲಾರೆ."

"ಕಿತ್ತು ಹಾಕಿಬಿಡಿ," ಅಂದರು ಅಣ್ಣಯ್ಯ. "ನಾಳೇನೇ. ನಾನು ರೆಡಿ."

"ಕಲೆ ಆಗಿದ್ರೆ ಸುಮ್ಮನೆ ಎದೆ ಕೊಯ್ದ ಹಾಗಾಗುತ್ತೆ ಸಾರ್. ಸೂಜಿ ಹಾಕೋಕೂ ಇದು ಸಣ್ಣದು. ಆರು ತಿಂಗಳು ಬಿಟ್ಟು ಇದೇ ಸ್ಕ್ಯಾನ್ ಮತ್ತೊಮ್ಮೆ ಮಾಡೋಣ. ಕಲೆ ಆಗಿದ್ರೆ ಹಾಗೇ ಇರುತ್ತೆ. ಕ್ಯಾನ್ಸರ್ ಆಗಿದ್ರೆ ಬೆಳೆಯುತ್ತೆ. ಬೆಳೆದ್ರೆ, ಸಣ್ಣದಿರುವಾಗಲೇ ನಮ್ಮ ಕಣ್ಣಲ್ಲಿದೆ. ಆಗ ತೆಗೆಯೋ ಮಾತು."

"ಮಧ್ಯದಲ್ಲಿ ಬೆಳೆದುಬಿಟ್ರೆ?"

"ಇಷ್ಟು ಗಾತ್ರದ್ದು ಆರು ತಿಂಗಳಲ್ಲಿ ಕೈಮೀರಿ ಹೋಗೋದು ಅಪರೂಪ. ಅದಕ್ಕೇ ಆ ಅವಧಿ ಇಟ್ಟಿರೋದು."

ಸ್ಕ್ಯಾನಿನಲ್ಲಿ ಏನಿಲ್ಲ ಎಂದು ಬಂದರೆ ಸೇದಲು ಪರವಾನಗಿ ಸಿಕ್ಕಿತೆಂದು ಅಣ್ಣಯ್ಯ ಎಣಿಸಿದ್ದರೋ ಏನೋ. ಡಾಕ್ಟರು ಅದನ್ನೂ ಬಿಡಲಿಲ್ಲ. ಈ ಯಂತ್ರ ನೋಡುತ್ತದೆ, ತಡೆಯುವುದಿಲ್ಲ. ಸೇದುವುದನ್ನು ನಿಲ್ಲಿಸುವುದು ಇದರ ಜೊತೆಗೇ ಆಗಬೇಕಾದ ಕೆಲಸ ಎಂದರು. ನಿಕೋಟಿನ್ ಚೂಯಿಂಗ್ ಗಮ್ಮು ಬರೆದುಕೊಟ್ಟು, ಬಿಡಿಸುವುದಕ್ಕೇ ಇರುವ ಸಲಹೆಗಾರರ ಕೋಣೆ ತೋರಿಸಿದರು. ಅಣ್ಣಯ್ಯ ಆ ಕೋಣೆಗೆ ತಾವೇ ಹೋದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಹೊರಗೆ ಬಂದು ಗೇಟಿನ ಬಳಿ ಒಂದು ಸಿಗರೇಟು ಹಚ್ಚಿದ್ದೂ ನಿಜ. ಎರಡು ಸಲ ಎಳೆದು, ಅದರ ತುದಿಯನ್ನು ನೋಡುತ್ತ ನಿಂತರು.

"ಆ ಕಾಡು ನೋಡಿದ್ಯಾ ಬಾಮ್ಮರ್ದಿ," ಅಂದರು. "ಅದರಲ್ಲಿ ಬೆಂಕಿ ಹಾಕ್ಕೊಂಡು ಕೂತಿದ್ದೆ ಇಷ್ಟು ದಿನ." ಸಿಗರೇಟನ್ನು ಚಪ್ಪಲಿಯಿಂದ ಹೊಸಕಿದರು. ಪೆಟ್ಟೆಯನ್ನು ಬಿಸಾಡಲಿಲ್ಲ, ಜೇಬಿನಲ್ಲೇ ಇತ್ತು.

"ಎಷ್ಟಿವೆ ಅದರಲ್ಲಿ?" ಎಂದು ಅತ್ತಿಗೆ ಕೇಳಿದರು.

"ಇನ್ಮೇಲೆ ಬಿಡಿ ಲೆಕ್ಕ ಕೇಳ್ತೀಯಾ?"

"ಕೇಳ್ತೀನಿ."

ಆಟೋದಲ್ಲಿ ಬರುವಾಗ ನನ್ನ ಕಣ್ಣಿನಲ್ಲಿ ಆ ಬಿಳಿ ಚುಕ್ಕೆಯೇ ಕೂತಿತ್ತು. ಅದೇನೆಂದು ಲೋಕದಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲ, ಆದರೆ ಅದು ಎಲ್ಲಿದೆ, ಎಷ್ಟಿದೆ ಎಂದು ಕೂದಲೆಳೆಯಷ್ಟು ಖಚಿತವಾಗಿ ಗೊತ್ತಿದೆ. ಇಷ್ಟು ಚೆನ್ನಾಗಿ ಕಾಣುವ ಯಂತ್ರವೂ ಕೊನೆಗೆ ಸಲಹೆ ಕೊಟ್ಟದ್ದು ಕಾಯಿರಿ ಎಂದು. ಹಾಲು ಕಾಯಿಸುವವಳಿಗೆ, ಹಿಟ್ಟು ಹುದುಗಿಸುವವಳಿಗೆ ಕಾಯುವುದು ಹೊಸದಲ್ಲ. ಆದರೂ ಇಂಥ ಕಾಯುವಿಕೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸಂಜೆ ಅಣ್ಣಯ್ಯ, ನಮ್ಮವರು ಒಳಗೆ ಮಲಗಿದ್ದರು. ಅತ್ತಿಗೆ ದೇವರ ಮುಂದೆ ದೀಪ ಹಚ್ಚಿ ಅಲ್ಲೇ ಕೂತುಬಿಟ್ಟಿದ್ದರು, ಎದ್ದಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೊತ್ತಂಬರಿ ಸೋಸುತ್ತಿದ್ದೆ. ಎದುರು ಮನೆಯಾಕೆ ಕರಿಬೇವಿನ ಕಡ್ಡಿ ಕೊಡಲು ಬಂದರು. ಶ್ರೀಕಾಕುಳದ ಕಡೆಯವರು, ಮಾತು ಬಾಯಿಗೆ ಬಂದ ಹಾಗೆ, ಕೈ ಮಾತ್ರ ಯಾವಾಗಲೂ ಕೆಲಸದಲ್ಲಿ. ಬೆಳಿಗ್ಗೆ ನಾವೆಲ್ಲ ಆಟೋ ಹತ್ತಿದ್ದನ್ನು ನೋಡಿದ್ದರು, ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಎದೆಯಲ್ಲೊಂದು ಚುಕ್ಕೆ ಕಂಡಿದೆ, ಏನೆಂದು ಈಗ ಹೇಳಲಾಗುವುದಿಲ್ಲವಂತೆ, ಆರು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ ಎಂದು ಹೇಳಿದೆ. ಒಳಗೆ ಅತ್ತಿಗೆಯ ಬಳೆಯ ಸದ್ದು ನಿಂತಿತು, ಅವರೂ ಕೇಳಿಸಿಕೊಳ್ಳುತ್ತಿದ್ದರು.

ಎದುರು ಮನೆಯಾಕೆ ಕರಿಬೇವಿನಿಂದ ಒಂದು ಹಳದಿ ಎಲೆ ಕಿತ್ತು ಆಚೆ ಹಾಕಿ, ತಮ್ಮ ಬಾಗಿಲ ಕಡೆ ತಿರುಗುತ್ತಲೇ ಅಂದರು:

"ಆರು ತಿಂಗಳಾ? ನಮ್ಮ ನೀರಿನ ಫಿಲ್ಟರಿನವನೇ ಮೂರು ತಿಂಗಳಿಗೊಂದು ಸಲ ಅದನ್ನ ನೋಡೋಕೆ ಬಂದು ಬಾಗಿಲು ಬಡೀತಾನಂಡಿ."